ಸಮಾಂತರ ಶ್ರೇಢಿ ಲೆಕ್ಕ: ಮೊದಲ ಮೂರ್ನಾಲ್ಕು ಪದ ಬರೆದು ತಾಳೆ ನೋಡಿದವರು ಅನುಭವ ಹೇಳಿ

ಡೊಂಬಿವಲಿ ಅಮ್ಮ: ಮಗ ಹತ್ತನೇ ಕ್ಲಾಸು, ಸ್ಟೇಟ್ ಬೋರ್ಡ್. ಮೊದಲ ತಿಂಗಳು 500 ರೂಪಾಯಿ ಉಳಿತಾಯ, ಆಮೇಲೆ ತಿಂಗಳಿಗೆ 50 ಹೆಚ್ಚು, 24ನೇ ತಿಂಗಳು ಎಷ್ಟು, 24 ತಿಂಗಳಿಗೆ ಒಟ್ಟು ಎಷ್ಟು ಅಂತ ಲೆಕ್ಕ. ಅವನಿಗೆ 1700 ಮತ್ತು 26,400 ಬಂದಿದೆ. ಮೊದಲ ಕೆಲವು ಪದ ಬರೆದು ತಾಳೆ ನೋಡು ಅಂತಾರೆ ಟೀಚರ್. ಅದರಿಂದ ತಪ್ಪು ನಿಜವಾಗಿ ಸಿಗುತ್ತಾ, ಇಲ್ಲ ಪರೀಕ್ಷೆಯಲ್ಲಿ ಟೈಮ್ ದಂಡವಾ?

ಪಿಂಪ್ರಿ ಅಪ್ಪ: ಸಿಗುತ್ತೆ. ಆದರೆ ಮೂರ್ನಾಲ್ಕು ಪದ ಯಾಕೆ, n=1 ಒಂದು ಹಾಕಿದರೆ ಮುಗೀತು. ಹೋದ ವರ್ಷ ನನ್ನ ಮಗಳಿಗೆ ಟ್ಯೂಷನ್‌ಗೆ 38,000 ಕಟ್ಟಿದೆ, ಎರಡು ಕಂತಲ್ಲಿ. ಇಷ್ಟಾದ ಮೇಲೂ ಪ್ರಿಲಿಮ್‌ನಲ್ಲಿ ಇದೇ ಥರದ ಲೆಕ್ಕಕ್ಕೆ ಮೂರು ಮಾರ್ಕು ಹೋಯಿತು. n ನೇ ಪದಕ್ಕೆ ಸೂತ್ರ a + (n−1)d, a ಅಂದರೆ ಮೊದಲ ಪದ, d ಅಂದರೆ ಪ್ರತಿ ಸಲ ಸೇರುವ ವ್ಯತ್ಯಾಸ. ಅದರಲ್ಲಿ (n−1) ಬರೆಯುವ ಕಡೆ ಬರೀ n ಬರೆದಿದ್ದಳು. ಆವತ್ತು ರಾತ್ರಿ ಪೇಪರ್ ಹಿಡಿದು ಕೂತು ನಾನೇ ಕಂಡುಕೊಂಡ ದಾರಿ ಇದು. ಸೂತ್ರದಲ್ಲಿ n ಜಾಗಕ್ಕೆ 1 ಹಾಕು, ಮೊದಲ ಪದ ಬರಬೇಕು. ನಿಮ್ಮ ಮಗನದೂ ಅದೇ ತಪ್ಪು, 500+1×50 ಅಂದರೆ 550. ಮೊದಲ ತಿಂಗಳು ಕಟ್ಟಿದ್ದು 500 ತಾನೆ? ಹತ್ತು ಸೆಕೆಂಡಲ್ಲಿ ತಪ್ಪು ಗೊತ್ತಾಯಿತು. ಅಲ್ಲಿಂದಾಚೆ ಮಗಳು ಈ ಪಾಠದಲ್ಲಿ ಒಂದು ಮಾರ್ಕೂ ಕಳೆದುಕೊಂಡಿಲ್ಲ.

ಠಾಣೆ ಮೇಷ್ಟ್ರು: ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ 26 ವರ್ಷ ಗಣಿತ ಕಲಿಸಿ ನಿವೃತ್ತನಾದವನು ನಾನು. n=1 ಸಾಕು ಅನ್ನುವ ಮಾತು ನನ್ನ ಕೈಯಿಂದ ಒಬ್ಬ ಒಳ್ಳೆಯ ಹುಡುಗನ ಮಾರ್ಕು ಕಳೆಸಿದೆ, ಅದಕ್ಕೇ ಬರೆಯುತ್ತಿದ್ದೇನೆ. ಆಗ ನಾನೂ ಕ್ಲಾಸಿನಲ್ಲಿ ಒಂದೇ ಪದ ತಾಳೆ ನೋಡಿಸುತ್ತಿದ್ದೆ. ಆ ಹುಡುಗ n ಪದಗಳ ಮೊತ್ತದ ಸೂತ್ರ S_n = n/2 [2a + (n−1)d] ಬರೆದು ಆವರಣ ಬಿಡಿಸುವಾಗ n/2 ಅನ್ನು 2a ಗೆ ಮಾತ್ರ ಗುಣಿಸಿದ, (n−1)d ಗೆ ಗುಣಿಸಲು ಮರೆತ. ಕೈಯಲ್ಲಿ ಉಳಿದದ್ದು na + (n−1)d. ಅದಕ್ಕೆ n=1 ಹಾಕಿದ, ಸರಿಯಾಗಿ a ಬಂತು, ಟಿಕ್ ಹಾಕಿ ಮುಂದೆ ಹೋದ.

ಅದನ್ನೇ ಈ ಅಮ್ಮನ ಲೆಕ್ಕಕ್ಕೆ ಹಾಕಿ ನೋಡಿ. ಪ್ರಶ್ನೆ ಹೇಳಿದ ಹಾಗೆ ಬರೆದರೆ 500, 550, 600. ಕೂಡಿಸುತ್ತಾ ಹೋದರೆ 500, 1050, 1650. ತಪ್ಪು ಸೂತ್ರದಲ್ಲಿ n=1 ಹಾಕಿದರೆ 500. ಸರಿ. n=2 ಹಾಕಿದರೆ 1000+50, ಅಂದರೆ 1050. ಅದೂ ಸರಿ! n=3 ಹಾಕಿದಾಗ 1500+100, 1600. ಇಲ್ಲಿ ಮಾತ್ರ 50 ಕಡಿಮೆ ಬಂದು ಸಿಕ್ಕಿಬಿತ್ತು. n=2 ಆದಾಗ n/2 ಅಂದರೆ 1, ಅದನ್ನು ಗುಣಿಸಿದರೂ ಬಿಟ್ಟರೂ ಒಂದೇ, ಹಾಗಾಗಿ ತಪ್ಪು ಅಲ್ಲಿ ಅಡಗಿ ಕೂರುತ್ತದೆ. 24ಕ್ಕೆ ಹೋಗುವಷ್ಟರಲ್ಲಿ ಇದೇ ಸೂತ್ರ 13,150 ಕೊಡುತ್ತದೆ, ನಿಜವಾದ ಮೊತ್ತದ ಹೆಚ್ಚುಕಮ್ಮಿ ಅರ್ಧ.

ಪದದ ಸೂತ್ರಕ್ಕೆ ಎರಡು ಕಡೆ ತಾಳೆಯಾದರೆ ಸಾಕು, ಅದರಲ್ಲಿ n ಗೆ ವರ್ಗವಿಲ್ಲ. ಮೊತ್ತದ ಸೂತ್ರದಲ್ಲಿ n ವರ್ಗ ಬರುತ್ತದೆ, ಅದಕ್ಕೆ ಮೂರು ಕಡೆ ಬೇಕು. ಮೂರೂ ಕೂಡಿ ಬಂದರೆ ಸೂತ್ರ ಸರಿ ಅಂತಲೇ ಅರ್ಥ, ನಾಲ್ಕನೆಯದು ಬೇಡ. ಆ ಹುಡುಗ ಪರೀಕ್ಷೆ ಮುಗಿಸಿ ಬಂದು "ಸರ್, ನೀವು ಹೇಳಿದ್ದು ಮಾಡಿದ್ದೆ" ಅಂದ. ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಪಿಂಪ್ರಿ ಅಪ್ಪ: ಮೇಷ್ಟ್ರೇ, ಅಮ್ಮ ಕೇಳಿದ್ದು ಅವರ ಮಗನ ತಪ್ಪು. ಅದನ್ನ n=1 ಹಿಡಿದುಕೊಟ್ಟಿತೋ ಇಲ್ಲವೋ? ಮೊತ್ತದಲ್ಲೂ (n−1) ಬದಲು n ಹಾಕಿದರೆ ಮೊದಲ ತಿಂಗಳಿಗೇ 525 ಬರುತ್ತೆ. ನಿಮ್ಮ ಹುಡುಗ ಆವರಣ ಬಿಡಿಸೋಕೆ ಕಲಿಯದಿದ್ದರೆ ಅದು ಎಂಟನೇ ಕ್ಲಾಸಿನ ತಪ್ಪು. 40 ಮಾರ್ಕಿನ ಪೇಪರ್, ಎರಡು ಗಂಟೆ. ಪ್ರತಿ ಲೆಕ್ಕಕ್ಕೂ ಮೂರು ಮೂರು ಸಲ ತಾಳೆ ನೋಡುತ್ತಾ ಕೂತರೆ ಕೊನೆಯ ಪ್ರಶ್ನೆ ಯಾರು ಬರೀತಾರೆ?

ಠಾಣೆ ಮೇಷ್ಟ್ರು: ಹಿಡಿಯಿತು ಸ್ವಾಮಿ, ಒಪ್ಪಿದೆ. ಆದರೆ ಇಳಿಯುವ ಶ್ರೇಢಿಯಲ್ಲಿ d ಯ ಮೈನಸ್ ಬಿಟ್ಟುಹೋದರೆ n=1 ಏನು ಹೇಳುತ್ತದೆ? ಅಲ್ಲಿ (n−1) ಸೊನ್ನೆಯಾಗಿ d ಮಾಯವೇ ಆಗುತ್ತದೆ. d ಯ ಯಾವ ತಪ್ಪೂ ನಿಮ್ಮ ದಾರಿಯಲ್ಲಿ ಕಾಣುವುದಿಲ್ಲ. ನಿಮ್ಮ ಮಗಳಿಗೆ ಅಂಥ ಪ್ರಶ್ನೆ ಬರಲಿಲ್ಲ, ಅಷ್ಟೆ.

ಪಿಂಪ್ರಿ ಅಪ್ಪ: ನನ್ನ ಮಗಳ ವಿಷಯ ಬಿಡಿ. ಅವಳ ಮಾರ್ಕು ಅವಳು ಓದಿ ತಗೊಂಡಿದ್ದು.

ವಾಸ್ಕೋ ಕ್ಯಾಂಟೀನ್: ನಾ ಬಾಗಲಕೋಟಿ ಕಡ್ಯಾವ್ರಿ, ಗೋವಾಕ್ಕ ಬಂದು 14 ವರ್ಷ ಆತು. ಸೂತ್ರ ಗೀತ್ರ ಎದಕ್ಕ ಬೇಕ್ರಿ, ಎಲ್ಲಾ ಬರದು ಕೂಡಿಸ್ರಿ. ನಾ ಒಬ್ಬರ ಕಡೆ 60,000 ಸಾಲ ತಗೊಂಡಿದ್ದೆ. ತಿಂಗಳಿಗೆ ಅಸಲು 5,000, ಉಳಿದ ಅಸಲಿನ ಮ್ಯಾಲೆ ನೂರಕ್ಕ ಎರಡು ಬಡ್ಡಿ, ಹಿಂಗ ಮಾತಾಗಿತ್ತು. ಮೊದಲ ತಿಂಗಳು ಬಡ್ಡಿ 1,200. ಎರಡನೇ ತಿಂಗಳೂ 1,200 ಇಸ್ಕೊಂಡ್ರು, ಮೂರನೇದಕ್ಕೂ ಅಷ್ಟ. ಏಳು ತಿಂಗಳು ಹಂಗ ಕೊಟ್ಟೆ, 8,400 ಆತು. ಆಮ್ಯಾಲೆ ಒಂದ್ರಾತ್ರಿ ಕ್ಯಾಂಟೀನ್ ಬಾಗಲಾ ಹಾಕಿ ಹಾಲಿನ ಲೆಕ್ಕದ ವಹಿ ಹಿಂದಿನ ಹಾಳಿ ಮ್ಯಾಲೆ ಬರದೆ. 1200, 1100, 1000. ಅಸಲು ಇಳದಂಗ ಬಡ್ಡಿ ನೂರು ನೂರು ಇಳೀಬೇಕು.

ಎಸೆಸೆಲ್ಸಿ ಓದಿದ ನನ್ನ ತಮ್ಮ ಸೂತ್ರ ಹಚ್ಚಿ ಒಟ್ಟು 7,200 ಅಂದ. ಅದನ್ನ ತಗೊಂಡು ಹೋದ್ರ ಸಾಲ ಕೊಟ್ಟಾವರು ನಕ್ಕರು. "ಕಡೀ ತಿಂಗಳು ನಿನ್ನ ಕಡೆ 5,000 ಇರ್ತದ, ಅದಕ್ಕ ಬಡ್ಡಿ ಸೊನ್ನೀನಾ?" ಅಂದ್ರು. ಖರೇ ಅದು. ತಮ್ಮ 12 ಸಲ ಇಳಿಸಿದ್ದ, ಇಳಿಯೂದು 11 ಸಲ. ಕಡೀದು 100, ಒಟ್ಟು 7,800. ನಾ ಹನ್ನೆರಡೂ ಸಾಲು ಬರದು ತೋರಿಸಿದ ಮ್ಯಾಲೆ ಬಾಯಿ ಮುಚ್ಚಿದ್ರು. ಮುಂದಿನ ಐದು ತಿಂಗಳು ಬಡ್ಡಿ ಇಲ್ಲ, ಬರೇ ಅಸಲು ಕೊಟ್ಟೆ. ಆದ್ರ ಮೊದಲ ಹೆಚ್ಚಿಗಿ ಹೋದ 600 ರೂಪಾಯಿ ಇನ್ನೂ ಬಂದಿಲ್ರಿ, ಎರಡು ವರ್ಷ ಆತು.

ಠಾಣೆ ಮೇಷ್ಟ್ರು: ತಮ್ಮಾ, ನೀವು 12 ಸಾಲು ಬರೆದಿರಿ, ಸರಿಯಾಗಿಯೇ ಮಾಡಿದಿರಿ. ನಿಮ್ಮ ತಮ್ಮ ಮೂರನೇ ಸಾಲಿನಲ್ಲೇ ನಿಂತು ನೋಡಿದ್ದರೂ ತಪ್ಪು ಸಿಗುತ್ತಿತ್ತು. 1200−3×100 ಅಂದರೆ 900, ನೀವು ಬರೆದದ್ದು 1000.

ಮುಲುಂಡ್ ಹುಡುಗಿ: ನನಗೆ ಈ "ಮೊದಲ ಪದ ಬರೆ" ಅನ್ನೋ ಸಲಹೆ ಮೇಲೆ ಸಿಟ್ಟಿದೆ. 100ರಿಂದ 300ರ ನಡುವೆ 7ರಿಂದ ಭಾಗವಾಗುವ ಸಂಖ್ಯೆಗಳ ಮೊತ್ತ ಕೇಳಿದ್ದರು. 105, 112, 119 ಬರೆದೆ, ಸೂತ್ರಕ್ಕೆ ಹಾಕಿ ತಾಳೆ ನೋಡಿದೆ, ಎಲ್ಲ ಸರಿ. ಕೊನೆಯದು 294. 294ರಲ್ಲಿ 105 ಕಳೆದು 7ರಿಂದ ಭಾಗಿಸಿದೆ, 27 ಬಂತು, 27 ಪದ ಅಂದುಕೊಂಡೆ. ಮೊದಲ ಪದ, ಕೊನೆಯ ಪದ ಕೂಡಿಸಿದರೆ 399, ಅದನ್ನ 27/2ರಿಂದ ಗುಣಿಸಿದೆ, ಮೊತ್ತ 5386.5. ಪೂರ್ಣ ಸಂಖ್ಯೆಗಳನ್ನ ಕೂಡಿಸಿದರೆ ಅರ್ಧ ಎಲ್ಲಿಂದ ಬರುತ್ತೆ? ಸೂತ್ರ ತಾಳೆಯಾಗಿತ್ತಲ್ಲ, ಹಾಗಾಗಿ ಗುಣಾಕಾರದಲ್ಲೇ ತಪ್ಪು ಅಂತ ಅದನ್ನೇ ನಾಲ್ಕು ಸಲ ಮಾಡಿದೆ. ಮುಕ್ಕಾಲು ಪುಟ ಹೊಡೆದುಹಾಕಿದೆ, ಸಪ್ಲಿಮೆಂಟ್ ತಗೊಂಡೆ, ಮುಂದಿನ ಪ್ರಶ್ನೆ ಪೂರ್ತಿ ಆಗಲೇ ಇಲ್ಲ. ಐದು ಮಾರ್ಕು.

ತಪ್ಪು ಇದ್ದಿದ್ದು ಎಣಿಕೆಯಲ್ಲಿ. ಪದಗಳು 28, ಮೊತ್ತ 14×399 ಅಂದರೆ 5586. ಶುರುವಿನ ಪದ ಎಷ್ಟು ಬರೆದರೂ ಈ ತಪ್ಪು ಕಾಣಲ್ಲ. ಆಮೇಲೆ ಅಣ್ಣ ಹೇಳಿಕೊಟ್ಟ, ಎಣಿಸುವ ರೀತಿಯನ್ನೇ ಚಿಕ್ಕ ಪಟ್ಟಿಗೆ ಹಚ್ಚಿ ನೋಡು ಅಂತ. 105ರಿಂದ 126ರವರೆಗೆ ಮಾತ್ರ ತಗೋ. ವ್ಯತ್ಯಾಸ 21, ಭಾಗಿಸಿದರೆ 3. ಬೆರಳಲ್ಲಿ ಎಣಿಸಿದರೆ 105, 112, 119, 126, ನಾಲ್ಕು! ಒಂದು ಸೇರಿಸಬೇಕು ಅಂತ ಅಲ್ಲೇ ಗೊತ್ತಾಗುತ್ತೆ. ಇದನ್ನ ಯಾವ ಟೀಚರೂ ನನಗೆ ಹೇಳಿರಲಿಲ್ಲ.

ಠಾಣೆ ಮೇಷ್ಟ್ರು: ಮಗಳೇ, ನೀನು ಹೇಳಿದ್ದು ನನ್ನ ಮಾತಿಗಿಂತ ಮುಖ್ಯ. ಪಟ್ಟಿ ಸೂತ್ರವನ್ನು ಕಾಯುತ್ತದೆ, n ಎಷ್ಟು ಅನ್ನುವುದನ್ನು ಕಾಯುವುದಿಲ್ಲ. ಇನ್ನೂ ಒಂದಿದೆ. ಪಟ್ಟಿಯನ್ನು ಪ್ರಶ್ನೆಯ ಮಾತಿನಿಂದ ಬರೆಯಬೇಕು, ಸೂತ್ರದಿಂದ ಅಲ್ಲ. ಸೂತ್ರದಿಂದಲೇ ಪಟ್ಟಿ ಮಾಡಿ ಸೂತ್ರಕ್ಕೇ ತಾಳೆ ನೋಡುವ ಮಕ್ಕಳನ್ನು ವರ್ಷಕ್ಕೆ ಹತ್ತಾದರೂ ನೋಡುತ್ತಿದ್ದೆ.

ಕೋಥರೂಡ್ ಮಾಮ: ಇಲ್ಲಿ n ನೇ ಪದಕ್ಕೆ t_n ಅಂತ ಬರೀತಾರಲ್ಲ, ಅದು a_n. ನನ್ನ ತಂಗಿ ಮಗ ಧಾರವಾಡದಲ್ಲಿ ಓದ್ತಾನೆ, ಅವನ ಪುಸ್ತಕದಲ್ಲಿ a_n ಇದೆ. ಇಲ್ಲಿಗೆ ಬಂದು ಕನ್ನಡದ ಮಕ್ಕಳಿಗೆ ಗುರುತೂ ಬದಲಾಗಬೇಕಾ?

ಪಿಂಪ್ರಿ ಅಪ್ಪ: ಇಲ್ಲಿನ ಬೋರ್ಡಿನ ಪುಸ್ತಕದಲ್ಲಿ t_n ಇದೆ, ನಿಮ್ಮದು ಎನ್‌ಸಿಇಆರ್‌ಟಿ. ಎರಡಕ್ಕೂ ಅರ್ಥ ಒಂದೇ. ಕನ್ನಡಕ್ಕೂ ಅದಕ್ಕೂ ಏನು ಸಂಬಂಧ?

ಕೋಥರೂಡ್ ಮಾಮ: ಸಂಬಂಧ ಇದೆ. ಮನೆಯಲ್ಲಿ ನಾವು ಶ್ರೇಢಿ ಅಂತ ಹೇಳಿಕೊಡ್ತೀವಿ, ಕ್ಲಾಸಲ್ಲಿ ಇಂಗ್ಲಿಷ್, ಟ್ಯೂಷನ್‌ನಲ್ಲಿ ಮರಾಠಿ. ನನ್ನ ಮಗ ಮೊದಲ ಪದ a, a ಅಂದುಕೊಂಡು a_n ಅನ್ನೂ ಮೊದಲ ಪದ ಅಂದುಕೊಂಡ. ಎರಡು ತಿಂಗಳು ಹೋಯಿತು ಆ ಗೊಂದಲ ಬಿಡಿಸೋಕೆ. ನಿಮಗೆ ಇದು ಸಣ್ಣದು ಅನ್ನಿಸಬಹುದು.

ಡೊಂಬಿವಲಿ ಅಮ್ಮ: ಎಲ್ಲರಿಗೂ ನಮಸ್ಕಾರ. ಇವತ್ತು ಮಗನನ್ನ ಕೂರಿಸಿ 500, 550, 600 ಬರೆಸಿದೆ. ಸೂತ್ರಕ್ಕೆ 3 ಹಾಕಿದಾಗ 650 ಬಂತು. ಪೆನ್ನು ಕೆಳಗಿಟ್ಟು ಪಟ್ಟಿಯನ್ನೇ ನೋಡುತ್ತಾ ಕೂತ. ಆಮೇಲೆ ಅವನೇ, "ಮೂರನೇ ತಿಂಗಳಿಗೆ 50 ಎರಡೇ ಸಲ ಸೇರಿದೆ ಅಮ್ಮ" ಅಂದ. ತಿದ್ದಿದ ಮೇಲೆ 1650, ಮೊತ್ತ 25,800. ಗಡಿಯಾರ ನೋಡಿದ್ದೆ, ತಾಳೆ ನೋಡೋಕೆ ಒಂದೂವರೆ ನಿಮಿಷ. ಈ ಪಟ್ಟಿಯನ್ನ ಉತ್ತರದ ಒಳಗೇ ಬರೀಬೇಕಾ, ರಫ್ ಜಾಗದಲ್ಲಾ?

ಪಿಂಪ್ರಿ ಅಪ್ಪ: ರಫ್‌ನಲ್ಲಿ. ಉತ್ತರದೊಳಗೆ ಬರೆದರೆ ತಿದ್ದುವವರಿಗೆ ಗೊಂದಲ.

ಠಾಣೆ ಮೇಷ್ಟ್ರು: ನಾನು ಉತ್ತರಪತ್ರಿಕೆ ತಿದ್ದಿದವನು. ಮೊದಲ ಸಾಲಿನಲ್ಲೇ 500, 550, 600, ... ಅಂತ ಬರೆದು a, d ಅಲ್ಲಿಂದ ತೆಗೆದರೆ ಅದೇ ಒಂದು ಹಂತವಾಗುತ್ತದೆ. ಮೊತ್ತದ ತಾಳೆ ಮಾತ್ರ ಪಕ್ಕದಲ್ಲಿ.

ಮುಲುಂಡ್ ಹುಡುಗಿ: ನಾನು ಉತ್ತರದೊಳಗೇ ಬರೆದಿದ್ದೆ ಸರ್, ಅದಕ್ಕೆ ಅರ್ಧ ಮಾರ್ಕೂ ಬರಲಿಲ್ಲ.