ಸಹಾಯ ಬೇಕು: ನನ್ನ ಸ್ಯಾಂಪಲ್ 120ಆ, ಬರೀ 6ಆ?

ನಮಸ್ಕಾರ. ಲಂಟಾನ ಕಿತ್ತರೆ ಕಾಡಿನ ಮರಗಳ ಸಸಿ ಜಾಸ್ತಿ ಹುಟ್ಟುತ್ತವಾ ಎಂದು ನೋಡುತ್ತಿದ್ದೇನೆ. ಒಟ್ಟು 6 ಪ್ಲಾಟ್. ಮೂರರಲ್ಲಿ ಲಂಟಾನ ಕಿತ್ತಿದ್ದೇವೆ, ಮೂರರಲ್ಲಿ ಹಾಗೇ ಬಿಟ್ಟಿದ್ದೇವೆ. ಪ್ರತಿ ಪ್ಲಾಟ್‌ನಲ್ಲಿ 1 ಚದರ ಮೀಟರ್‌ನ 20 ಕ್ವಾಡ್ರಾಟ್ ಇಟ್ಟು ಸಸಿ ಎಣಿಸಿದ್ದೇವೆ.

60ಕ್ಕೆ 60 ಹೋಲಿಸಿ ಟಿ-ಟೆಸ್ಟ್ ಮಾಡಿದರೆ p ಬೆಲೆ 0.001ಕ್ಕಿಂತ ಕಡಿಮೆ ಬರುತ್ತದೆ. ಆದರೆ ಲಂಟಾನ ಕಿತ್ತಿದ್ದು ಕ್ವಾಡ್ರಾಟ್‌ನಲ್ಲಲ್ಲ, ಇಡೀ ಪ್ಲಾಟ್‌ನಲ್ಲಿ. ಒಂದೇ ಪ್ಲಾಟ್‌ನ ಕ್ವಾಡ್ರಾಟ್‌ಗಳಿಗೆ ಮಣ್ಣು, ನೆರಳು, ಬೀಜ ಉದುರಿಸುವ ಮರ ಎಲ್ಲ ಒಂದೇ. ಒಂದೇ ಮನೆಯ 20 ಜನರನ್ನು ಕೇಳಿ ಊರಿನ ಅಭಿಪ್ರಾಯ ಅಂದಂತೆ, ಅಲ್ವಾ? 1984ರಲ್ಲಿ ಹರ್ಲ್ಬರ್ಟ್ ಸೂಡೋರೆಪ್ಲಿಕೇಶನ್ ಎಂದು ಕರೆದದ್ದು ಇದನ್ನೇ.

ಹಾಗಾಗಿ ಪ್ಲಾಟ್‌ಗೊಂದು ಸರಾಸರಿ ತೆಗೆದೆ. ಕಿತ್ತ ಕಡೆ 9, 14, 7. ಬಿಟ್ಟ ಕಡೆ 6, 8, 5. ಈಗ t ಸುಮಾರು 1.6, ಡಿಗ್ರೀಸ್ ಆಫ್ ಫ್ರೀಡಮ್ 118ರ ಬದಲು 4, p ಸುಮಾರು 0.18. ವ್ಯತ್ಯಾಸ ಅಷ್ಟೇ ಇದೆ, ಭರವಸೆ ಮಾತ್ರ ಹೋಯಿತು! R‌ನಲ್ಲಿ ಇದನ್ನೂ ಓಡಿಸಿದ್ದೇನೆ:

```
lmer(sasi ~ treatment + (1|plot), data = d)
```

ಇನ್ನೊಂದು ತಲೆನೋವು. ಕಿತ್ತ ಮೂರೂ ಪ್ಲಾಟ್ ಹಳ್ಳದ ಪಕ್ಕ ಇವೆ, ಉಳಿದವು ಇಳಿಜಾರಿನಲ್ಲಿ. ಸಸಿ ಜಾಸ್ತಿ ಆಗಿದ್ದು ತೇವದಿಂದಲೂ ಇರಬಹುದು. ಇದನ್ನು ಯಾವ ಮಾಡೆಲ್ಲೂ ಬಿಡಿಸಿಕೊಡಲಾರದು ಅನ್ನಿಸುತ್ತದೆ.

ಮುಂದಿನ ಮಳೆಗಾಲಕ್ಕೆ ಕ್ವಾಡ್ರಾಟ್ ಕಡಿಮೆ ಮಾಡಿ, ಹಳ್ಳದ ಬಳಿ ಮತ್ತು ಇಳಿಜಾರಿನಲ್ಲಿ ಜೋಡಿ ಪ್ಲಾಟ್ ಹಾಕುವ ಯೋಚನೆ ಇದೆ. ಎಷ್ಟು ಜೋಡಿ ಸಾಕು? ಕೆಲಸ ಮಾಡಿದವರು ತಿಳಿಸಿ.