ಪದಚರ್ಚೆ: ವೋಲ್ಟೇಜ್ ‘ಇಳಿಕೆ’ಯೇ, ‘ಕುಸಿತ’ವೇ? ಮೋಟಾರು ಎಳೆಯದಿದ್ದರೆ ಏನೆನ್ನಬೇಕು?

ಪ್ರಶ್ನೆ: ಎಂಜಿನಿಯರ್, ತುಮಕೂರು

ಬಳಗದವರಿಗೆ ನಮಸ್ಕಾರ.

ಹೊಸದಾಗಿ ಕೆಲಸಕ್ಕೆ ಸೇರಿರುವ ಕಿರಿಯರೊಬ್ಬರಿಗೆ ಕನ್ನಡದಲ್ಲಿ ಪತ್ರ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಪದ ಸಿಗುತ್ತಿಲ್ಲ. ಸಂದರ್ಭ ಹೀಗಿದೆ. ತಿಪಟೂರು ಕಡೆಯ ಒಂದು ತೋಟದಲ್ಲಿ ಕೊಬ್ಬರಿ ಎಣ್ಣೆಯ ಗಾಣಕ್ಕೆ 5 ಎಚ್‌ಪಿಯ ತ್ರೀ ಫೇಸ್ ಮೋಟಾರು ಜೋಡಿಸಿದ್ದಾರೆ. ಮೀಟರ್ ಪೆಟ್ಟಿಗೆ ರಸ್ತೆಯ ಪಕ್ಕದಲ್ಲಿದೆ, ಗಾಣದ ಮನೆ ಅಲ್ಲಿಂದ 300 ಮೀಟರ್ ಒಳಗಿದೆ. ನಡುವೆ ಎಳೆದಿರುವುದು 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್. ಗಾಣ ಖಾಲಿ ಇದ್ದರೆ ಮೋಟಾರು ತಕರಾರಿಲ್ಲದೆ ಓಡುತ್ತದೆ. ಅರೆಯುವಾಗ ಕರೆಂಟ್ ಹೋಗಿ ಮತ್ತೆ ಬಂದರೆ ಮಾತ್ರ, ಕೊಬ್ಬರಿ ತುಂಬಿದ ಗಾಣ ಅಲುಗುವುದಿಲ್ಲ. ಮೋಟಾರು ಗುಂಯ್‌ಗುಡುತ್ತಾ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಸ್ಟಾರ್ಟರ್ ಟ್ರಿಪ್ ಆಗುತ್ತದೆ.

ಕಿರಿಯರು ಸ್ಥಳಕ್ಕೆ ಹೋಗಿ, ಮೋಟಾರು ನಿಂತಿರುವಾಗ ಗಾಣದ ತುದಿಯಲ್ಲಿ ಅಳೆದರು. 415 ವೋಲ್ಟ್ ಇತ್ತು. ಕೇಬಲ್ ಚೆನ್ನಾಗಿದೆ, ಮೋಟಾರನ್ನೇ ರಿವೈಂಡಿಂಗ್ ಮಾಡಿಸಬೇಕು ಎಂದು ವರದಿ ಕೊಟ್ಟರು. ಅವರಿಗೆ ನಾನು ಬರೆದ ಭಾಗ ಇದು:

“ನೀವು ಅಳೆದ 415 ಸುಳ್ಳಲ್ಲ. ಆದರೆ ಆಗ ಕೇಬಲ್‌ನಲ್ಲಿ ಕರೆಂಟ್ ಹರಿಯುತ್ತಿರಲಿಲ್ಲ. ಹರಿಯದಿದ್ದರೆ ಕೇಬಲ್ ಎಷ್ಟೇ ಸಣ್ಣದಿದ್ದರೂ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಕಾಣುತ್ತದೆ. ಈ ಕೇಬಲ್‌ನ ಒಂದೊಂದು ತಂತಿಗೂ ಸುಮಾರು 2.2 ಓಮ್ ರೋಧವಿದೆ. ಮೋಟಾರು ಓಡುವಾಗ ಏಳೂವರೆ ಆಂಪಿಯರ್ ಎಳೆಯುತ್ತದೆ, ಆಗ ಗಾಣದ ತುದಿಯಲ್ಲಿ 390ರ ಆಸುಪಾಸು ಉಳಿಯುತ್ತದೆ. ಅದರಿಂದ ತೊಂದರೆಯಿಲ್ಲ. ಏಳುವ ಗಳಿಗೆಯಲ್ಲಿ ಅದೇ ಮೋಟಾರು ಅದರ ಆರು ಪಟ್ಟು ಕೇಳುತ್ತದೆ, ಆಗ ಉಳಿಯುವುದು ಸುಮಾರು 330. ತಿರುಗಿಸುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ತಗ್ಗುತ್ತದೆ. ವೋಲ್ಟೇಜ್ ನೂರಕ್ಕೆ 80ರಷ್ಟಾದರೆ ಆ ಶಕ್ತಿ ನೂರಕ್ಕೆ 64 ಮಾತ್ರ. ಖಾಲಿ ಗಾಣಕ್ಕೆ ಇಷ್ಟು ಸಾಕು, ತುಂಬಿದ ಗಾಣಕ್ಕೆ ಸಾಲದು.”

ಈ ‘ತಗ್ಗುವುದಕ್ಕೆ’ ಇಳಿಕೆ ಎನ್ನಲೇ, ಕುಸಿತ ಎನ್ನಲೇ? ಮೋಟಾರು ಭಾರ ಹೊತ್ತು ಏಳಲಾರದ್ದಕ್ಕೆ ‘ದುರ್ಬಲ ಆರಂಭ’ ಎಂದು ಬರೆದರೆ ಯಾರಿಗಾದರೂ ಅರ್ಥವಾದೀತೇ?

ಉತ್ತರ: ಭೌತಶಾಸ್ತ್ರದ ಮೇಷ್ಟ್ರು, ಧಾರವಾಡ

ಕುಸಿತವೇ ಸರಿ. ಏಳುವಾಗ ನಲವತ್ತೈದು ಆಂಪಿಯರ್ ಎಂದಾಯಿತು. ಅದನ್ನು 2.2ರಿಂದ ಗುಣಿಸಿದರೆ ಸುಮಾರು ನೂರು ವೋಲ್ಟ್. ಫೇಸ್ ಒಂದಕ್ಕೆ ಇರುವ 240ರಲ್ಲಿ ನೂರು ಕಳೆದರೆ ಉಳಿಯುವುದು 140. ಅರ್ಧಕ್ಕರ್ಧ ಹೋದಂತಾಯಿತು, ಇದನ್ನು ಇಳಿಕೆ ಎಂದು ಹೇಗೆ ಕರೆಯುವುದು? ನಿಮ್ಮ 330 ಎಲ್ಲಿಂದ ಬಂತೋ ತಿಳಿಯಲಿಲ್ಲ. ಇನ್ನು, “ದೂರ ಹೋದಂತೆ ಕರೆಂಟ್ ಕಡಿಮೆಯಾಗುತ್ತದೆ” ಎಂದು ಬರೆದರೆ ಹಳ್ಳಿಯವರಿಗೂ ತಿಳಿಯುತ್ತದೆ.

ಉತ್ತರ: ತೋಟದ ರೈತರು, ಅರಸೀಕೆರೆ

ನಮ್ಮಲ್ಲಿ ಇದಕ್ಕೆಲ್ಲ ‘ಲೋ ವೋಲ್ಟೇಜ್’ ಎನ್ನುತ್ತೇವೆ, ಬೇರೆ ಪದ ಯಾಕೆ? ಬೇಸಿಗೆಯಲ್ಲಿ ಎಲ್ಲರೂ ಪಂಪು ಹಾಕಿದಾಗ ನಮ್ಮ ಮೀಟರ್ ಪೆಟ್ಟಿಗೆಯಲ್ಲೇ 350 ಬರುತ್ತದೆ, ಬೋರ್‌ವೆಲ್ ಮೋಟಾರು ಎಳೆಯುವುದಿಲ್ಲ. ಅಂಗಡಿಯವರು ಸ್ಟಾರ್ ಡೆಲ್ಟಾ ಸ್ಟಾರ್ಟರ್ ಹಾಕಿಸಿ ಎನ್ನುತ್ತಿದ್ದಾರೆ. ಅದು ಗಾಣಕ್ಕೂ ಆಗಬಹುದಲ್ಲವೇ?

ಉತ್ತರ: ಮೋಟಾರು ರಿವೈಂಡಿಂಗ್ ಅಂಗಡಿಯವರು, ದಾವಣಗೆರೆ

ಮೇಷ್ಟ್ರೇ, ನಿಮ್ಮ ಗುಣಾಕಾರ ಸರಿ, ಕಳೆಯುವ ರೀತಿ ಸರಿಯಿಲ್ಲ. ಮೋಟಾರಿಗೆ 45 ಆಂಪಿಯರ್ ಸಿಗುವುದು ಅದರ ಬಾಯಲ್ಲಿ ಪೂರ್ತಿ 415 ಇದ್ದರೆ ಮಾತ್ರ. ಇಲ್ಲಿ ಕೇಬಲ್ ಕೂಡ ಅಡ್ಡ ನಿಂತಿರುವುದರಿಂದ ಕರೆಂಟ್ 36ರ ಹತ್ತಿರಕ್ಕೆ ಬರುತ್ತದೆ. ಆಗ ಕೇಬಲ್ ತಿನ್ನುವುದು ಸುಮಾರು 80 ವೋಲ್ಟ್. ಆ 80ನ್ನೂ 240ರಿಂದ ನೇರವಾಗಿ ಕಳೆಯುವಂತಿಲ್ಲ. ನಿಂತ ಮೋಟಾರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಬಹಳ ಹಿಂದೆ ಬೀಳುತ್ತದೆ, ಕೇಬಲ್‌ನಲ್ಲಿ ಎರಡೂ ಜೊತೆಯಾಗಿ ಏರಿ ಇಳಿಯುತ್ತವೆ. ಹಾಗಾಗಿ ಕೊನೆಗೆ ಫೇಸಿಗೆ 190 ಉಳಿಯುತ್ತದೆ. ಎರಡು ಫೇಸ್‌ಗಳ ನಡುವೆ ಅಳೆದರೆ ಅದೇ 330.

‘ಕರೆಂಟ್ ಕಡಿಮೆಯಾಗುತ್ತದೆ’ ಎಂಬ ಮಾತನ್ನು ದಯವಿಟ್ಟು ಪತ್ರಕ್ಕೆ ಸೇರಿಸಬೇಡಿ. ನಮ್ಮ ಕನ್ನಡದಲ್ಲಿ ಕರೆಂಟ್ ಎಂದರೆ ಮನೆಗೆ ಬರುವ ವಿದ್ಯುತ್ತೂ ಹೌದು, ಆಂಪಿಯರೂ ಹೌದು. ಆಂಪಿಯರ್ ದಾರಿಯಲ್ಲಿ ಸೋರುವುದಿಲ್ಲ, ಪೆಟ್ಟಿಗೆಯಲ್ಲಿ ಎಷ್ಟೋ ಗಾಣದ ಹತ್ತಿರವೂ ಅಷ್ಟೇ. ತಗ್ಗುವುದು ವೋಲ್ಟೇಜ್. ಅಷ್ಟೇ ಅಲ್ಲ, ಭಾರ ಹೊತ್ತು ಓಡುತ್ತಿರುವ ಮೋಟಾರಿಗೆ ವೋಲ್ಟೇಜ್ ಕಡಿಮೆಯಾದರೆ ಅದು ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ. ನನ್ನ ಅಂಗಡಿಗೆ ಬರುವ ಸುಟ್ಟ ಮೋಟಾರುಗಳಲ್ಲಿ ಮೂರು ಫೇಸಿನ ಕಾಯಿಲ್‌ಗಳೂ ಒಂದೇ ಸಮ ಕಪ್ಪಾಗಿದ್ದರೆ, ಹೊಸ ತಂತಿ ಸುತ್ತುವ ಮೊದಲು ಕೇಬಲ್ ಎಷ್ಟು ಉದ್ದ, ಎಷ್ಟು ದಪ್ಪ ಎಂದು ಕೇಳುತ್ತೇನೆ. ಒಂದೆರಡು ಫೇಸ್ ಮಾತ್ರ ಕಪ್ಪಾಗಿದ್ದರೆ ಫೇಸ್ ಹೋಗಿರುವ ಸಂಶಯ ಮೊದಲು ಬರುತ್ತದೆ.

ಅರಸೀಕೆರೆಯವರ ಕಥೆ ಬೇರೆ. ಅವರಿಗೆ ಪೆಟ್ಟಿಗೆಗೇ 350 ಬರುತ್ತಿದೆ, ಅದು ಲೈನಿನ ದೋಷ. ಎರಡನ್ನೂ ಬಿಡಿಸಿ ನೋಡಲು ಇಬ್ಬರು ಬೇಕು. ಒಬ್ಬರು ಪೆಟ್ಟಿಗೆಯಲ್ಲಿ, ಇನ್ನೊಬ್ಬರು ಮೋಟಾರಿನ ಬಳಿ ಮೀಟರ್ ಹಿಡಿದು, ಸ್ಟಾರ್ಟರ್ ಒತ್ತಿದ ಗಳಿಗೆಯಲ್ಲೇ ಓದಬೇಕು. ಪೆಟ್ಟಿಗೆಯಲ್ಲಿ 410 ನಿಂತು ಮೋಟಾರಿನ ಬಳಿ 330 ಕಂಡರೆ ಕೇಬಲ್. ಎರಡೂ ಕಡೆ ಒಟ್ಟಿಗೆ ಬಿದ್ದರೆ ಲೈನು ಇಲ್ಲವೇ ಟ್ರಾನ್ಸ್‌ಫಾರ್ಮರ್. ‘ಲೋ ವೋಲ್ಟೇಜ್’ ಎಂದುಬಿಟ್ಟರೆ ಈ ವ್ಯತ್ಯಾಸವೇ ಮುಚ್ಚಿಹೋಗುತ್ತದೆ, ಆದ್ದರಿಂದ ಪತ್ರಕ್ಕೆ ಬೇರೆ ಪದ ಬೇಕೇ ಬೇಕು.

ನನ್ನ ಮತ ಹೀಗಿದೆ: ಓಡುವಾಗ ಕೇಬಲ್ ಉದ್ದಕ್ಕೂ ಒಂದೇ ಸಮನೆ ಕಡಿಮೆಯಾಗುತ್ತಾ ಹೋಗುವುದಕ್ಕೆ ‘ಇಳಿಕೆ’. ಏಳುವ ಕ್ಷಣದಲ್ಲಿ ಧಪ್ಪೆಂದು ಬಿದ್ದು ಮೋಟಾರು ವೇಗ ಹಿಡಿದ ಮೇಲೆ ಮೇಲೇಳುವುದಕ್ಕೆ ‘ಕುಸಿತ’. ‘ದುರ್ಬಲ ಆರಂಭ’ ಬಿಟ್ಟುಬಿಡಿ, ‘ಮೋಟಾರು ಎಳೆಯುತ್ತಿಲ್ಲ’ ಎಂದರೆ ಸಾಕು.

ಉತ್ತರ: ಭೌತಶಾಸ್ತ್ರದ ಮೇಷ್ಟ್ರು, ಧಾರವಾಡ

140 ತಪ್ಪು, ಒಪ್ಪಿದೆ. ಆದರೆ ಎರಡು ಪದ ಒಪ್ಪಲಾರೆ. ಓಡುವಾಗಲೂ ಏಳುವಾಗಲೂ ಕೇಬಲ್ ಮಾಡುವ ಕೆಲಸ ಒಂದೇ, ಕರೆಂಟ್ ಗುಣಿಸು ರೋಧ. ಹೆಸರು ಎರಡಾದರೆ ಹುಡುಗರು ಅದನ್ನು ಎರಡು ಬೇರೆ ಕಾಯಿಲೆ ಎಂದುಕೊಳ್ಳುತ್ತಾರೆ.

ಉತ್ತರ: ಎಂಜಿನಿಯರ್, ತುಮಕೂರು

ಪತ್ರದಲ್ಲಿ ಕೇಬಲ್‌ನ ಮಾತು ಬಂದಲ್ಲೆಲ್ಲ ‘ಇಳಿಕೆ’ ಎಂದೇ ಇಡುತ್ತೇನೆ. ‘ಏಳುವಾಗಿನ ಇಳಿಕೆ’, ‘ಓಡುವಾಗಿನ ಇಳಿಕೆ’ ಎಂದರೆ ಮೇಷ್ಟ್ರ ಆತಂಕವೂ ಕಳೆಯುತ್ತದೆ. ‘ಎಳೆಯುತ್ತಿಲ್ಲ’ ಎಂಬುದನ್ನು ಹಾಗೆಯೇ ತೆಗೆದುಕೊಂಡಿದ್ದೇನೆ.

ಅರಸೀಕೆರೆಯವರಿಗೆ: ಸ್ಟಾರ್ ಡೆಲ್ಟಾ ಹಾಕಿದರೆ ಏಳುವಾಗ ಲೈನಿನಿಂದ ಎಳೆಯುವ ಕರೆಂಟ್ ಮೂರನೆಯ ಒಂದಕ್ಕೆ ಇಳಿಯುತ್ತದೆ, ಕೇಬಲ್ ತಿನ್ನುವುದೂ ಕಡಿಮೆಯಾಗುತ್ತದೆ. ಆದರೆ ತಿರುಗಿಸುವ ಶಕ್ತಿಯೂ ಮೂರನೆಯ ಒಂದಾಗುತ್ತದೆ. ಖಾಲಿ ಏಳುವ ಯಂತ್ರಕ್ಕೆ ಅದು ಒಳ್ಳೆಯದು, ಕೊಬ್ಬರಿ ಕಚ್ಚಿಕೊಂಡ ಗಾಣಕ್ಕೆ ಇನ್ನೂ ಕಷ್ಟ. ನಿಮ್ಮ ಬೋರ್‌ವೆಲ್‌ಗೆ ಪೆಟ್ಟಿಗೆಯ 350 ಸರಿಯಾಗದೆ ಯಾವ ಸ್ಟಾರ್ಟರ್ ಹಾಕಿಯೂ ಪ್ರಯೋಜನ ಕಾಣಲಿಕ್ಕಿಲ್ಲ.

ಗಾಣದವರಿಗೆ 6 ಚದರ ಮಿಲಿಮೀಟರಿನ ಕೇಬಲ್ ಎಳೆಸಲು ಹೇಳಿದ್ದೇನೆ. ಏಳುವಾಗ ಮೋಟಾರಿನ ಬಳಿ 378ರ ಸುಮಾರು ಉಳಿಯುತ್ತದೆ, ಶಕ್ತಿ ನೂರಕ್ಕೆ 83ರ ಹತ್ತಿರ ಬರುತ್ತದೆ. ಅಲ್ಲಿಯವರೆಗೆ ಕರೆಂಟ್ ಹೋದರೆ ಗಾಣದ ಕೊಬ್ಬರಿಯನ್ನು ಕೈಯಲ್ಲಿ ತೆಗೆದು, ಖಾಲಿ ಮಾಡಿಯೇ ಸ್ಟಾರ್ಟರ್ ಒತ್ತಬೇಕು.

ಇನ್ನೊಂದು ಪದ ಉಳಿದಿದೆ. ಪತ್ರದಲ್ಲಿ ‘ತಿರುಗಿಸುವ ಶಕ್ತಿ’ ಎಂದಿರುವುದು ನಿಜವಾಗಿ ಟಾರ್ಕ್. ಶಕ್ತಿ ಎಂಬುದು ಬೇರೆಯೇ ಅಳತೆಯಾದ್ದರಿಂದ ಅದನ್ನು ತೆಗೆಯಲೇಬೇಕು. ‘ತಿರುಚುಬಲ’ ಎಂದರೆ ಬಟ್ಟೆ ಹಿಂಡಿದ ಹಾಗೆ ಕೇಳುತ್ತದೆ. ದಾವಣಗೆರೆಯವರು ಅಂಗಡಿಯಲ್ಲಿ ಇದಕ್ಕೆ ಏನೆನ್ನುತ್ತಾರೆ?