ಅಂಟಿಸಿದಂತೆ ಕಾಣದ ಕವಚ: ಫೋಟೊದ ಮೇಲೆ ಯೋಧನ ವೇಷ ಕಟ್ಟಿದವರ ಅನುಭವಗಳು

ಪ್ರಶ್ನೆ

ನಮ್ಮ ಹೊಲದ ಬದುವಿನ ಮೇಲೆ, ಸಂಜೆ ಐದರ ಬಿಸಿಲಿನಲ್ಲಿ, ಬೂದು ಬಣ್ಣದ ಟೀ ಶರ್ಟ್ ತೊಟ್ಟು ನಿಂತಿರುವ ತಮ್ಮನ ಫೋಟೊ ನನ್ನ ಬಳಿ ಇದೆ. ಹುಟ್ಟುಹಬ್ಬಕ್ಕೆ ಅವನನ್ನು ಕಲ್ಪನೆಯ ಯೋಧನನ್ನಾಗಿ ಮಾಡಿ ಕೊಡಬೇಕೆಂದು ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ಎದೆಕವಚ, ಭುಜಕವಚ ಮತ್ತು ಕೆಂಪು ಕೇಪ್ ಕೂಡಿಸಿದೆ. ಎಲ್ಲವೂ ಸ್ಟಿಕ್ಕರ್‌ನಂತೆ ಕಾಣುತ್ತಿದೆ. ಅವನು ಈಗ ಬೆಂಗಳೂರಿನಲ್ಲಿದ್ದಾನೆ, ಹೊಸ ಫೋಟೊ ತೆಗೆಯುವಂತಿಲ್ಲ. ಹೀಗೆ ಮಾಡಿದವರು ಅನುಭವ ಹೇಳುವಿರಾ?

ಕಾಲೇಜು ವಿದ್ಯಾರ್ಥಿ, ದಾವಣಗೆರೆ

ನಾನು ಮಾಡಿದಾಗ ಲೋಹದ ಚಿತ್ರವಿರುವ ಲೇಯರನ್ನು `Overlay` ಮೋಡ್‌ಗೆ ಹಾಕಿದೆ. ಕೆಳಗಿನ ಶರ್ಟಿನ ಬೆಳಕು ನೆರಳು ಹಾಗೆಯೇ ಉಳಿಯುವುದರಿಂದ ಕವಚವು ಮೈಗೆ ಹೊಂದಿಕೊಂಡಂತೆ ಕಾಣುತ್ತದೆ. ಆಮೇಲೆ `Drop Shadow` ಕೊಟ್ಟರೆ ಅದು ಮೈಯಿಂದ ಮೇಲೆದ್ದು ನಿಲ್ಲುತ್ತದೆ. ನನಗೆ ಹದಿನೈದು ನಿಮಿಷಗಳ ಕೆಲಸವಾಗಿತ್ತು.

ಮದುವೆ ಆಲ್ಬಂ ವಿನ್ಯಾಸಕರು, ಹಾಸನ

ಮೇಲಿನ ಗೆಳೆಯರು ಹೇಳಿದ `Overlay` ಬಟ್ಟೆಯ ಮೇಲೆ ಬಟ್ಟೆಯ ವಿನ್ಯಾಸ ಕೂರಿಸುವುದಕ್ಕೆ ನಿಜಕ್ಕೂ ಒಳ್ಳೆಯದು; ಸೀರೆಯ ಅಂಚನ್ನು ಬದಲಿಸಲು ನಾನೂ ಅದನ್ನೇ ಬಳಸುತ್ತೇನೆ. ಲೋಹಕ್ಕೆ ಮಾತ್ರ ಅದು ಒಗ್ಗುವುದಿಲ್ಲ. ಶರ್ಟಿನ ಸುಕ್ಕುಗಳು ಕವಚದ ಮೇಲೂ ಉಳಿದುಕೊಳ್ಳುವುದರಿಂದ ಕೊನೆಗೆ ಸಿಗುವುದು ಕವಚದ ಚಿತ್ರ ಮುದ್ರಿಸಿದ ಟೀ ಶರ್ಟ್. ಬಟ್ಟೆಯು ಬಿದ್ದ ಬೆಳಕನ್ನು ಚದುರಿಸಿ ತನ್ನ ಬಣ್ಣವನ್ನು ತೋರಿಸುತ್ತದೆ. ಹೊಳಪು ಕೊಟ್ಟ ಉಕ್ಕು ಸುತ್ತಲಿನದನ್ನು ತೋರಿಸುತ್ತದೆ. ನಿಮ್ಮ ತಮ್ಮ ಹೊಲದಲ್ಲಿ ನಿಂತಿದ್ದಾನೆ ಎಂದಮೇಲೆ ಅವನ ಎದೆಕವಚದ ಮೇಲ್ಭಾಗದಲ್ಲಿ ಆಕಾಶ, ಕೆಳಭಾಗದಲ್ಲಿ ಮಣ್ಣಿನ ಬಣ್ಣ, ನಡುವೆ ದಿಗಂತದ ಕಪ್ಪು ಪಟ್ಟಿ ಕಾಣಲೇಬೇಕು. ಬೇರೆಲ್ಲೋ ಸ್ಟುಡಿಯೊದಲ್ಲಿ ತೆಗೆದ ಕವಚದ ಚಿತ್ರದಲ್ಲಿ ಆ ಸ್ಟುಡಿಯೊದ ದೀಪವೇ ಇರುತ್ತದೆ, ಅದನ್ನು ಎಷ್ಟು ತಿದ್ದಿದರೂ ಹೊಲವಾಗುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಸ್ಟೀಲ್ ಕೊಡ. ಕೊಡದ ಹೊಟ್ಟೆಯ ಉಬ್ಬು ಎದೆಕವಚದ ಉಬ್ಬಿಗೆ ಬಹಳ ಹತ್ತಿರ. ನೀವು ಊರಿನಲ್ಲಿದ್ದರೆ ಅದೇ ಬದುವಿಗೆ ಕೊಡವನ್ನು ಒಯ್ದು, ತಮ್ಮನ ಎದೆಯ ಎತ್ತರಕ್ಕೆ ಸ್ಟೂಲಿನ ಮೇಲಿಟ್ಟು, ಮೊದಲ ಫೋಟೊವನ್ನು ತೆಗೆದಷ್ಟೇ ದೂರದಿಂದ ತೆಗೆಯಿರಿ. ಗಡಿಯಾರ ನೋಡಿ ಹೋಗಬೇಡಿ, ಏಕೆಂದರೆ ತಿಂಗಳು ಬದಲಾದರೆ ಐದು ಗಂಟೆಯ ಸೂರ್ಯನೂ ಬೇರೆ ಎತ್ತರದಲ್ಲಿರುತ್ತಾನೆ. ಹಳೆಯ ಫೋಟೊದಲ್ಲಿ ತಮ್ಮನ ನೆರಳು ಎಷ್ಟು ಉದ್ದವಿದೆ, ಯಾವ ಕಡೆಗೆ ಬಿದ್ದಿದೆ ಎಂಬುದನ್ನು ನೋಡಿಟ್ಟುಕೊಂಡು, ಅಂಥದೇ ನೆರಳು ಬೀಳುವ ಹೊತ್ತಿಗೆ ತೆಗೆಯಿರಿ.

ಕವಚದ ಆಕಾರ, ಮೊಳೆಗಳು ಮತ್ತು ಅಂಚುಗಳಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಚಿತ್ರಗಳು ಉತ್ತಮ. 2017ರಿಂದ ಅವರು ಹಕ್ಕುಸ್ವಾಮ್ಯ ಮುಗಿದ ತಮ್ಮ ಸಂಗ್ರಹದ ಚಿತ್ರಗಳನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟಿದ್ದಾರೆ, ಅದರಲ್ಲಿ ಯುರೋಪಿನ ಉಕ್ಕಿನ ಕವಚಗಳು ಸಾಕಷ್ಟಿವೆ. ಆ ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ, ಅದರ ಹೊಳಪನ್ನು ತಗ್ಗಿಸಿ, ಕೊಡದ ಚಿತ್ರವನ್ನು ಅದರ ಮೇಲೆ `Warp Transform`ನಿಂದ ಬಗ್ಗಿಸಿ `Hard Light` ಮೋಡ್‌ನಲ್ಲಿ ಕೂರಿಸಿ. ಎರಡನ್ನೂ ಒಂದು ಲೇಯರ್ ಗುಂಪಿಗೆ ಹಾಕಿ, ಕವಚದ ಆಕಾರದ ಮಾಸ್ಕನ್ನು ಆ ಗುಂಪಿಗೇ ಕೊಟ್ಟರೆ ಕೊಡದ ಬೆಳಕು ಅಂಚಿನಾಚೆ ಚೆಲ್ಲುವುದಿಲ್ಲ. ಎದೆಗೆ ಒಂದು ಗುಂಪು, ಪ್ರತಿ ಭುಜಕ್ಕೂ ಒಂದೊಂದು ಗುಂಪು ಮಾಡಿ. ಪೂರ್ತಿ ಕವಚವನ್ನು ಒಂದೇ ತುಂಡಾಗಿ ಕೂರಿಸಿದರೆ ಭುಜಗಳ ಕೋನ ಎಂದಿಗೂ ಹೊಂದುವುದಿಲ್ಲ.

ಆದರೆ ಸ್ಟಿಕ್ಕರ್‌ನಂತೆ ಕಾಣುವುದಕ್ಕೆ ದೊಡ್ಡ ಕಾರಣ ಬೆಳಕಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲರೂ ಕವಚವನ್ನು ಮೈಯ ಗೆರೆಯ ಒಳಗೇ ಕೂರಿಸುತ್ತಾರೆ. ನಿಜವಾದ ಕವಚ ಮೈಗಿಂತ ದೊಡ್ಡದು. ತಮ್ಮನ ಭುಜದ ಅಗಲ ಸುಮಾರು 42 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಫೋಟೊದಲ್ಲಿ ಅದು 840 ಪಿಕ್ಸೆಲ್ ಇದ್ದರೆ ಒಂದು ಸೆಂಟಿಮೀಟರಿಗೆ 20 ಪಿಕ್ಸೆಲ್ ಆಯಿತು. ಒಳಗಿನ ದಪ್ಪ ಬಟ್ಟೆಯನ್ನೂ ಸೇರಿಸಿ ಕವಚ ಮೈಯಿಂದ ಎರಡು ಮೂರು ಸೆಂಟಿಮೀಟರ್ ಹೊರಗೆ ನಿಲ್ಲುತ್ತದೆ. ಆದ್ದರಿಂದ ಪಕ್ಕೆಗಳಲ್ಲಿ 40ರಿಂದ 60 ಪಿಕ್ಸೆಲ್ ಹೊರಚಾಚಬೇಕು, ಭುಜದಲ್ಲಿ ಅದಕ್ಕಿಂತಲೂ ಹೆಚ್ಚು. ಇದೊಂದನ್ನು ಮಾಡಿ ನೋಡಿ, ಬಣ್ಣ ತಿದ್ದುವ ಮೊದಲೇ ಅರ್ಧ ಸ್ಟಿಕ್ಕರ್ ಕಳಚಿಹೋಗುತ್ತದೆ.

`Drop Shadow` ಬಗ್ಗೆಯೂ ಒಂದು ಮಾತು. ಅದು ಕವಚದ ಆಕಾರವನ್ನೇ ಒಂದು ಕಡೆಗೆ ಸರಿಸಿ, ಎಲ್ಲೆಡೆ ಒಂದೇ ಮಸುಕಿನ ನೆರಳು ಕೊಡುವುದರಿಂದ ಕವಚ ಗಾಳಿಯಲ್ಲಿ ತೇಲಿದಂತೆ ಆಗುತ್ತದೆ. ನೆರಳನ್ನು ಎರಡಾಗಿ ಬರೆಯಿರಿ. ಕವಚ ಬಟ್ಟೆಗೆ ತಾಗುವ ಅಂಚಿನಲ್ಲಿ ಮೂರು ನಾಲ್ಕು ಪಿಕ್ಸೆಲ್‌ನ ಗಾಢ ಗೆರೆ ಒಂದು. ಸೂರ್ಯನಿರುವ ಕಡೆಗೆ ವಿರುದ್ಧವಾದ ಬದಿಯಲ್ಲಿ ಮಾತ್ರ ಬೀಳುವ ಅಗಲವಾದ ನೆರಳು ಇನ್ನೊಂದು. ಎರಡೂ `Multiply` ಮೋಡ್‌ನಲ್ಲಿರಲಿ, ಬಣ್ಣ ಕಪ್ಪಾಗದೆ ಆ ಶರ್ಟಿನದೇ ಗಾಢ ಛಾಯೆಯಾಗಿರಲಿ. ಗಲ್ಲದ ನೆರಳು ಮೊದಲು ಶರ್ಟಿನ ಮೇಲೆ ಬಿದ್ದಿದ್ದರೆ ಈಗ ಅದು ಕವಚದ ಮೇಲೆ ಬೀಳಬೇಕು. ಇದನ್ನು ನಾನೇ ಹಲವು ಸಲ ಮರೆತಿದ್ದೇನೆ, ಮರೆತಾಗಲೆಲ್ಲ ತಲೆಯು ಬೇರೆ ಚಿತ್ರದಿಂದ ಬಂದಂತೆ ಕಂಡಿದೆ.

ವೇಷ ತಯಾರಿಸುವ ಹವ್ಯಾಸಿ, ಬೆಂಗಳೂರು

ನಾನು ಎದೆಕವಚಕ್ಕೆ 10 ಮಿಲಿಮೀಟರ್ ದಪ್ಪದ ಫೋಮ್ ಹಾಳೆಯನ್ನೂ, ಅಲಂಕಾರದ ಪಟ್ಟಿಗಳಿಗೆ 5 ಮಿಲಿಮೀಟರಿನದನ್ನೂ ಬಳಸುತ್ತೇನೆ. ಬಿಸಿಗಾಳಿಯ ಗನ್‌ನಿಂದ ಕಾಯಿಸಿ, ಮೊಣಕಾಲಿನ ಮೇಲೆ ಒತ್ತಿ ಬಗ್ಗಿಸಿದರೆ ಉಬ್ಬು ಬರುತ್ತದೆ. ಜೋಡಣೆಗೆ ಎರಡೂ ಬದಿಗೆ ರಬ್ಬರ್ ಅಂಟು ಸವರಿ, ಸ್ವಲ್ಪ ಆರಿದ ಮೇಲೆ ಒತ್ತಬೇಕು. ಬಣ್ಣ ಹಚ್ಚುವ ಮೊದಲು ಮೇಲ್ಮೈಯ ರಂಧ್ರಗಳನ್ನು ಮುಚ್ಚದಿದ್ದರೆ ಬೆಳ್ಳಿ ಬಣ್ಣವನ್ನು ಫೋಮ್ ಹೀರಿಕೊಂಡುಬಿಡುತ್ತದೆ. ತಮ್ಮನ ಎದೆಯ ಸುತ್ತಳತೆಯನ್ನು ಮೊದಲು ತರಿಸಿಕೊಳ್ಳಿ.

ಮದುವೆ ಆಲ್ಬಂ ವಿನ್ಯಾಸಕರು, ಹಾಸನ

ಅವರು ಕೇಳಿದ್ದು ಫೋಟೊದ ಮೇಲೆ ಕಟ್ಟುವ ವೇಷದ ಬಗ್ಗೆ. ಆದರೂ ನಿಮ್ಮ ಅಳತೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅಂಚಿನ ದಪ್ಪವೇ ವಸ್ತು ಯಾವುದೆಂದು ಹೇಳಿಬಿಡುತ್ತದೆ. ಮೇಲಿನ ಲೆಕ್ಕದಂತೆ ಎರಡು ಮಿಲಿಮೀಟರಿನ ಉಕ್ಕಿನ ಅಂಚು ಬರೀ ನಾಲ್ಕು ಪಿಕ್ಸೆಲ್, 10 ಮಿಲಿಮೀಟರಿನ ಫೋಮ್ 20 ಪಿಕ್ಸೆಲ್. ಬೆಳಕಿನ ಕಡೆ ತೆಳುವಾದ ಹೊಳೆಯುವ ಗೆರೆ, ಎದುರು ಕಡೆ ಅಷ್ಟೇ ತೆಳುವಾದ ಕಪ್ಪು ಗೆರೆ ಎಳೆದರೆ ಉಕ್ಕು. ಗೆರೆ ದಪ್ಪವಾದರೆ ಚಿತ್ರದಲ್ಲೂ ಅದು ಫೋಮ್ ಆಗಿಯೇ ಕಾಣುತ್ತದೆ.

ಯಕ್ಷಗಾನ ಮೇಳಕ್ಕೆ ಬಟ್ಟೆ ಹೊಲಿಯುವವರು, ಉಡುಪಿ

ಕಂಪ್ಯೂಟರಿನ ಕೆಲಸ ನನಗೆ ಗೊತ್ತಿಲ್ಲ, ಬಟ್ಟೆಯ ಬಗ್ಗೆ ಮಾತ್ರ ಹೇಳುತ್ತೇನೆ. ಬಟ್ಟೆ ಎಲ್ಲಿ ಸಿಕ್ಕಿಸಲ್ಪಟ್ಟಿದೆಯೋ ಅಲ್ಲಿಂದಲೇ ಮಡಿಕೆಗಳು ಹುಟ್ಟುತ್ತವೆ. ಎರಡು ಭುಜಗಳಲ್ಲಿ ಸಿಕ್ಕಿಸಿದ ಹೊದಿಕೆಯಾದರೆ ಆ ಎರಡು ಬಿಂದುಗಳಿಂದ ಮಡಿಕೆಗಳು ಕೆಳಕ್ಕೆ ಬಿಚ್ಚಿಕೊಳ್ಳುತ್ತವೆ, ನಡುಬೆನ್ನಿನಲ್ಲಿ ಬಟ್ಟೆ ಜೋಲುತ್ತದೆ. ನೀವು ತಂದು ಅಂಟಿಸಿದ ಕೇಪ್‌ನ ಮಡಿಕೆಗಳು ಕತ್ತಿನಿಂದ ಹೊರಟಿದ್ದರೆ, ಭುಜದಲ್ಲಿ ಗುಂಡಿ ಬರೆದು ಪ್ರಯೋಜನವಿಲ್ಲ. ಭಾರದ ಬಟ್ಟೆಗೆ ಮಡಿಕೆ ಕಡಿಮೆ, ದಪ್ಪ. ಹಗುರ ಬಟ್ಟೆಗೆ ಮಡಿಕೆ ಹೆಚ್ಚು, ಸಣ್ಣ. ತಮ್ಮನ ಕೂದಲು ಗಾಳಿಗೆ ಹಾರಿಲ್ಲವಾದರೆ ಕೇಪ್ ಕೂಡ ಹಾರಬಾರದು.

ಬೇರೆಯವರ ಚಿತ್ರಕ್ಕಿಂತ ಮನೆಯ ಬಿಳಿ ಹಾಸಿಗೆ ಬಟ್ಟೆಯನ್ನು ಎರಡು ಪದರ ಮಾಡಿ, ತಮ್ಮನಷ್ಟೇ ಎತ್ತರದವರ ಭುಜಕ್ಕೆ ಪಿನ್ ಹಾಕಿ ನಿಲ್ಲಿಸಿ ಫೋಟೊ ತೆಗೆಯಿರಿ. ಒಂದೇ ಪದರವಾದರೆ ಸಂಜೆಯ ಬಿಸಿಲು ಬಟ್ಟೆಯ ಮೂಲಕ ಹಾಯ್ದು ಬರುತ್ತದೆ, ಆಗ ರಾಜನ ಹೊದಿಕೆಯ ಗಾಂಭೀರ್ಯ ಬರುವುದಿಲ್ಲ.

ಮದುವೆ ಆಲ್ಬಂ ವಿನ್ಯಾಸಕರು, ಹಾಸನ

ಬಿಳಿ ಬಟ್ಟೆಯ ಸಲಹೆ ಬಹಳ ಸರಿಯಾಗಿದೆ. ಬಿಳಿಯ ಮೇಲೆ `Multiply`ನಲ್ಲಿ ಕೆಂಪು ಹಾಕಿದರೆ ಮಡಿಕೆಗಳೆಲ್ಲ ಉಳಿದು ಬಣ್ಣ ಮಾತ್ರ ಬದಲಾಗುತ್ತದೆ; ಗಾಢ ಬಟ್ಟೆಯನ್ನು ತಿಳಿಯಾಗಿಸಲು ಹೋದರೆ ಚುಕ್ಕೆಗಳೇಳುತ್ತವೆ. ಫೋಟೊ ತೆಗೆಯುವಾಗ ಫೋನಿನ ಪರದೆಯ ಮೇಲೆ ಬಟ್ಟೆಯನ್ನು ಮುಟ್ಟಿ ಬೆಳಕನ್ನು ತುಸು ತಗ್ಗಿಸಿ. ಬಿಳಿ ಅತಿಯಾಗಿ ಮಡಿಕೆಯೇ ಕಾಣದಂತಾದ ಜಾಗವನ್ನು ಆಮೇಲೆ ಯಾವ ಉಪಕರಣವೂ ತಂದುಕೊಡದು. ಕೇಪ್ ಕೂರಿಸಿದ ಬಳಿಕ, ಅದಕ್ಕೆ ಹತ್ತಿರವಿರುವ ಭುಜಕವಚದ ಒಳ ಅಂಚಿಗೆ ಮೃದುವಾದ ಬ್ರಷ್‌ನಿಂದ ಸ್ವಲ್ಪ ಕೆಂಪು ತಾಗಿಸಿ. ಉಕ್ಕಿನಲ್ಲಿ ಕೇಪ್ ಕಾಣಿಸಿದಾಗಲೇ ಇವೆರಡೂ ಒಂದೇ ಕಡೆ ಇವೆ ಎಂದು ಕಣ್ಣು ಒಪ್ಪುತ್ತದೆ.

ಅನಿಮೇಷನ್ ಕೆಲಸಗಾರರು, ಪುಣೆಯಲ್ಲಿರುವ ಕನ್ನಡಿಗರು

ಇಷ್ಟೆಲ್ಲವನ್ನೂ ಕೈಯಿಂದ ಬರೆಯುವ ಬದಲು ಬ್ಲೆಂಡರ್ ತಂತ್ರಾಂಶದಲ್ಲಿ ಕವಚವನ್ನು ಮೂರು ಆಯಾಮಗಳಲ್ಲಿ ಮಾಡಿ, ಫೋಟೊದ ಕ್ಯಾಮೆರಾ ಕೋನಕ್ಕೆ ಹೊಂದಿಸಿ, ಒಂದು ಸೂರ್ಯದೀಪ ಇಟ್ಟರೆ ಹೊಳಪೂ ನೆರಳೂ ತಾವಾಗಿಯೇ ಸರಿಯಾಗಿ ಬರುತ್ತವೆ. ಬೇರೆ ಫೋಟೊಗೂ ಅದೇ ಕವಚವನ್ನು ತಿರುಗಿಸಿ ಬಳಸಬಹುದು.

ಮದುವೆ ಆಲ್ಬಂ ವಿನ್ಯಾಸಕರು, ಹಾಸನ

ಬ್ಲೆಂಡರ್ ಬಲ್ಲವರಿಗೆ ಇದು ನಿಜ. ಒಂದೇ ಫೋಟೊಗಾಗಿ ಹೊಸದಾಗಿ ಕಲಿಯುವವರಿಗೆ ಕೊಡವೇ ಹತ್ತಿರದ ದಾರಿ ಎಂದು ನನಗನ್ನಿಸುತ್ತದೆ. ಸೂರ್ಯದೀಪವೊಂದನ್ನೇ ಇಟ್ಟರೆ ಉಕ್ಕಿನಲ್ಲಿ ಪ್ರತಿಫಲಿಸಲು ಹೊಲವೇ ಇರುವುದಿಲ್ಲ, ಆ ಜಾಗದ ಸುತ್ತಲಿನ ದೃಶ್ಯವನ್ನೂ ಬ್ಲೆಂಡರ್‌ಗೆ ಕೊಡಬೇಕಾಗುತ್ತದೆ.

ಅನಿಮೇಷನ್ ಕೆಲಸಗಾರರು, ಪುಣೆಯಲ್ಲಿರುವ ಕನ್ನಡಿಗರು

ಸುತ್ತಲಿನ ದೃಶ್ಯ ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಕೊಡದ ಬೆಳಕು ಎದೆಗೆ ಹೊಂದಿದಂತೆ ಭುಜಕ್ಕೆ ಹೊಂದುವುದಿಲ್ಲ, ಅಲ್ಲಿ ಉಬ್ಬಿನ ದಿಕ್ಕೇ ಬೇರೆ. ಭುಜಗಳಿಗಾದರೂ ಬ್ಲೆಂಡರ್ ಬೇಕೆಂಬುದು ನನ್ನ ನಿಲುವು.

ಪ್ರಶ್ನೆ ಕೇಳಿದವರು

ಎರಡು ಸಂಜೆ ಹೊಲಕ್ಕೆ ಹೋಗಿಬಂದೆ. ಕೊಡದ ಫೋಟೊದಲ್ಲಿ ಕೆಳಗಿನ ಅರ್ಧ ಭಾಗ ಪೂರ್ತಿ ಕೆಮ್ಮಣ್ಣಿನ ಬಣ್ಣವಾಗಿತ್ತು. ನನ್ನ ಹಳೆಯ ಕವಚ ನೀಲಿಯಾಗಿದ್ದುದೇಕೆ ತಪ್ಪೆಂದು ಆಗ ತಿಳಿಯಿತು. ಭುಜಗಳಿಗೆ ಕೊಡವನ್ನು ಓರೆಯಾಗಿ ಹಿಡಿಸಿ ಮತ್ತೆರಡು ಚಿತ್ರ ತೆಗೆದೆ, ಪರವಾಗಿಲ್ಲವೆನ್ನುವಂತೆ ಹೊಂದಿದೆ. ಕೇಪ್‌ಗೆ ಅಪ್ಪ ಹಾಸಿಗೆ ಬಟ್ಟೆ ಹೊದ್ದು ನಿಂತರು. ಪಕ್ಕೆಗಳಲ್ಲಿ 50 ಪಿಕ್ಸೆಲ್ ಹೊರಕ್ಕೆ ಎಳೆದಾಗ ಆದ ಬದಲಾವಣೆಯನ್ನು ಕಂಡು ನಿಜಕ್ಕೂ ಸಂತೋಷವಾಯಿತು. ಎರಡು ತೊಂದರೆಗಳು ಉಳಿದಿವೆ. ಕವಚ ಉಳಿದ ಚಿತ್ರಕ್ಕಿಂತ ಚೊಕ್ಕವಾಗಿ, ಹರಿತವಾಗಿ ಕಾಣುತ್ತದೆ. ಕತ್ತಿನ ಹಿಂದಿನ ಕೂದಲಿನ ಸುತ್ತ, ಕೆಂಪು ಕೇಪ್‌ನ ಮುಂದೆ, ಬಿಳಿ ಅಂಚು ಉಳಿದಿದೆ.

ಮದುವೆ ಆಲ್ಬಂ ವಿನ್ಯಾಸಕರು, ಹಾಸನ

ಮೊದಲನೆಯದು ಸುಲಭ. ಕವಚವನ್ನು ಕುಗ್ಗಿಸಿ ಕೂರಿಸಿದ್ದರಿಂದ ಮ್ಯೂಸಿಯಂ ಚಿತ್ರದ ಗೆರೆಗಳು ಹರಿತವಾಗಿವೆ, ನಿಮ್ಮ ಫೋನಿನ ಚಿತ್ರದ ಚುಕ್ಕೆಗಳು ಅದರಲ್ಲಿಲ್ಲ. ಚಿತ್ರವನ್ನು ನೂರು ಪ್ರತಿಶತ ಗಾತ್ರದಲ್ಲಿಟ್ಟು, ಕವಚಕ್ಕೆ ಅರ್ಧದಿಂದ ಒಂದು ಪಿಕ್ಸೆಲ್‌ನಷ್ಟು `Gaussian Blur` ಕೊಡಿ, ಅನಂತರ `RGB Noise` ಅನ್ನು ತಮ್ಮನ ಶರ್ಟಿನ ತೋಳಿನ ಚುಕ್ಕೆಗಳಿಗೆ ಸಮನಾಗುವವರೆಗೆ ಮಾತ್ರ ಸೇರಿಸಿ. ಮೊದಲು ಮಸುಕು, ಆಮೇಲೆ ಚುಕ್ಕೆ. ಹಿಂದುಮುಂದಾದರೆ ಚುಕ್ಕೆಗಳೂ ಮಸುಕಾಗುತ್ತವೆ.

ಬಿಳಿ ಅಂಚು ಎಂದರೆ ಕೂದಲೆಳೆಗಳ ನಡುವೆ ಸಿಕ್ಕಿಕೊಂಡಿರುವ ಹಳೆಯ ಆಕಾಶ. ಅದನ್ನು ಕತ್ತರಿಸಲು ಹೋಗಬೇಡಿ, ಕೂದಲು ಹೆಲ್ಮೆಟ್‌ನಂತಾಗುತ್ತದೆ. ಮೂಲ ಫೋಟೊದ ಕೂದಲಿನ ಭಾಗವನ್ನು ಪ್ರತಿಮಾಡಿ, ಕೇಪ್‌ನ ಮೇಲೆ `Multiply`ನಲ್ಲಿಡಿ. ಆಕಾಶ ಬಿಳಿಯ ಹತ್ತಿರವಿದ್ದರೆ ಅದು ಮಾಯವಾಗಿ ಕಪ್ಪು ಎಳೆಗಳು ಮಾತ್ರ ಉಳಿಯುತ್ತವೆ. ನಿಮ್ಮ ಆಕಾಶ ನೀಲಿಯಾಗಿದ್ದರೆ `Curves`ನಿಂದ ಆ ಪ್ರತಿಯ ಆಕಾಶವನ್ನು ಮೊದಲು ಬಿಳಿಯಾಗುವಷ್ಟು ಎತ್ತಬೇಕು, ಆಗ ತೆಳುವಾದ ಕೆಲವು ಎಳೆಗಳೂ ಕಳೆದುಹೋಗುತ್ತವೆ. ಅವನ್ನು ನಾನು ಸಣ್ಣ ಬ್ರಷ್‌ನಿಂದ ಒಂದೊಂದಾಗಿ ಬರೆಯುತ್ತೇನೆ. ಇದಕ್ಕಿಂತ ಚುರುಕಾದ ದಾರಿ ಯಾರಿಗಾದರೂ ತಿಳಿದಿದ್ದರೆ ನನಗೂ ಬೇಕಾಗಿದೆ.